400 ಗ್ರೇ: ವಿಕಿರಣ ಹಾಯಿಸಿದ ಮಾವಿನೊಳಗೆ ನಡೆಯುವುದೇನು, ನಡೆಯದ್ದೇನು

2025ರ ಮೇ ತಿಂಗಳಲ್ಲಿ ಭಾರತದಿಂದ ವಿಮಾನದಲ್ಲಿ ಹೋದ ಮಾವಿನ ಕನಿಷ್ಠ 15 ಸರಕುಗಳನ್ನು ಅಮೆರಿಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಅಟ್ಲಾಂಟಾದಲ್ಲಿ ಹಣ್ಣು ತಡೆಹಿಡಿಯಲಾಯಿತು. ನಾಶಪಡಿಸಿ, ಇಲ್ಲವೇ ವಾಪಸ್ ಒಯ್ಯಿರಿ ಎಂದರು. ಹಣ್ಣಿನಲ್ಲಿ ಹುಳು ಸಿಕ್ಕಿತೆಂದಲ್ಲ, ಕೊಳೆತಿತ್ತೆಂದೂ ಅಲ್ಲ. ನವಿ ಮುಂಬೈಯ ಘಟಕದಲ್ಲಿ ವಿಕಿರಣ ಸಂಸ್ಕರಣೆ ಆದದ್ದಕ್ಕೆ ಕೊಡುವ PPQ203 ಎಂಬ ದಾಖಲೆ ಸರಿಯಾಗಿಲ್ಲ ಎಂಬುದು ಅವರು ಕೊಟ್ಟ ಕಾರಣ. ಸುಮಾರು 5 ಲಕ್ಷ ಡಾಲರ್ ನಷ್ಟವಾಯಿತೆಂದು ಆಗ ವರದಿಯಾಗಿತ್ತು.

ಒಂದು ಕಾಗದಕ್ಕಾಗಿ ಒಳ್ಳೆಯ ಹಣ್ಣನ್ನು ಚೆಲ್ಲುವುದೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ವಿಕಿರಣ ಹಾಯಿಸಿದ ಮಾವಿನ ವಿಷಯದಲ್ಲಿ ಆ ಕಾಗದವೇ ಸಾಕ್ಷಿ. ಹಣ್ಣು ಕೊಯ್ದು ನೋಡಿದರೆ ಅದಕ್ಕೆ ಎಷ್ಟು ವಿಕಿರಣ ಸಿಕ್ಕಿತೆಂದು ಗೊತ್ತಾಗುವುದಿಲ್ಲ. ಗೀಗರ್ ಕೌಂಟರ್ ಹಿಡಿದರೂ ಗೊತ್ತಾಗುವುದಿಲ್ಲ, ಏಕೆಂದರೆ ಈ ಸಂಸ್ಕರಣೆಯಿಂದ ಹಣ್ಣು ವಿಕಿರಣಶೀಲ ಆಗುವುದೇ ಇಲ್ಲ. ಏಕೆ ಆಗುವುದಿಲ್ಲ ಎಂಬುದು ತಿಳಿಯಬೇಕಾದರೆ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಆಹಾರ ಒಟ್ಟಾರೆ ಎಷ್ಟು ಶಕ್ತಿ ಹೀರಿಕೊಂಡಿತು ಎಂಬುದು. ಇನ್ನೊಂದು, ಬಂದು ಬೀಳುವ ಒಂದೊಂದು ಕಿರಣದ ಶಕ್ತಿ ಎಷ್ಟು ಎಂಬುದು. ಹುಳು, ಸೂಕ್ಷ್ಮಾಣು, ವಿಟಮಿನ್ ಇವುಗಳ ಗತಿಯನ್ನು ನಿರ್ಧರಿಸುವುದು ಮೊದಲನೆಯದು. ಆಹಾರ ವಿಕಿರಣಶೀಲ ಆಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಎರಡನೆಯದು. ಸಾರ್ವಜನಿಕ ಚರ್ಚೆಯಲ್ಲಿ ಇವೆರಡೂ ಸದಾ ಕಲಸಿಹೋಗುತ್ತವೆ.

ಬಿಸಿನೀರು ಸಾಲದು ಏಕೆ

ಭಾರತದ ಮಾವು ಅಮೆರಿಕಕ್ಕೆ ಹೋಗಲು ಶುರುವಾದದ್ದು 2007ರಲ್ಲಿ, ವಿಕಿರಣ ಸಂಸ್ಕರಣೆಯ ಷರತ್ತಿನ ಮೇಲೆ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆಯೊಡೆಯದಂತೆ ತಡೆಯಲೆಂದು ಕಟ್ಟಿದ್ದ ಘಟಕವೇ ಈ ಕೆಲಸಕ್ಕೂ ಒದಗಿತು. ಈಗ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಮಾವಿಗೆ ವಿಕಿರಣ ಕೊಡುವ ಘಟಕ ಇದೆ.

ಮೆಕ್ಸಿಕೊದ ಮಾವು ಅಮೆರಿಕಕ್ಕೆ ಹೋಗುವುದು ಸುಮಾರು 46 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಮುಳುಗಿ ಎದ್ದ ಮೇಲೆ. ತಿರುಳಿನಲ್ಲಿರುವ ಹಣ್ಣುನೊಣದ ಮರಿಹುಳು ಅಷ್ಟಕ್ಕೆ ಸಾಯುತ್ತದೆ. ನಮ್ಮ ಮಾವಿನ ಕಥೆ ಬೇರೆ. ಇಲ್ಲಿ ಓಟೆ ಕೊರೆಯುವ ಮೂತಿಹುಳು ಇದೆ. ಕಾಯಿ ಎಳೆಯದಾಗಿರುವಾಗಲೇ ತಾಯಿಹುಳು ಸಿಪ್ಪೆಯ ಮೇಲೆ ಮೊಟ್ಟೆ ಇಡುತ್ತದೆ, ಮರಿ ತಿರುಳನ್ನು ಹಾಯ್ದು ಓಟೆಯೊಳಗೆ ಸೇರುತ್ತದೆ, ದಾರಿ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ನಿಷ್ಕಳಂಕ. ಓಟೆಯ ಒಳಗಿನ ಹುಳುವಿಗೆ ತಾಗುವಷ್ಟು ಬಿಸಿ ಕೊಟ್ಟರೆ ಅಷ್ಟರಲ್ಲಿ ತಿರುಳು ಬೆಂದುಹೋಗಿರುತ್ತದೆ. ಗಾಮಾ ಕಿರಣಕ್ಕೆ ಓಟೆಯ ಗೋಡೆ ಅಡ್ಡಿಯಲ್ಲ.

ಹಣ್ಣು ಬಲಿತಿರಬೇಕು, ಮಾಗಿರಬಾರದು. ತೊಟ್ಟಿನ ಸಮೇತ ಕಿತ್ತು, ಸೊನೆ ಇಳಿಸಿ, ತೊಳೆದು, ಸುಮಾರು 52 ಡಿಗ್ರಿಯ ನೀರಿನಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ ತೆಗೆಯುತ್ತಾರೆ. ಈ ಅದ್ದುವಿಕೆ ಹುಳುವಿಗಲ್ಲ, ಚಿಬ್ಬು ರೋಗದ ಶಿಲೀಂಧ್ರಕ್ಕೆ. ಆಮೇಲೆ ಒಣಗಿಸಿ, ಗಾಳಿಕಂಡಿಗಳಿಗೆ ಸೂಕ್ಷ್ಮ ಬಲೆ ಅಂಟಿಸಿದ ಪೆಟ್ಟಿಗೆಗೆ ತುಂಬುತ್ತಾರೆ. ಸಂಸ್ಕರಣೆಯಾದ ಮೇಲೆ ಹೊಸ ನೊಣ ಒಳಹೊಗಬಾರದಲ್ಲ. ಪೆಟ್ಟಿಗೆಗಳು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ ಸಾಗುತ್ತವೆ. ಅಲ್ಲಿ ಕೋಬಾಲ್ಟ್-60 ತುಂಬಿದ ಉಕ್ಕಿನ ಕೊಳವೆಗಳ ಚೌಕಟ್ಟು ನೀರಿನ ಕೊಳದಿಂದ ಮೇಲೆದ್ದು ನಿಲ್ಲುತ್ತದೆ. ಪೆಟ್ಟಿಗೆಗಳು ಅದರ ಎರಡೂ ಬದಿಯಲ್ಲಿ ಹಾದು ಹೊರಬರುತ್ತವೆ. ಒಳಗೆ ಹೋಗುವ ಹಣ್ಣು ಮತ್ತು ಹೊರಬಂದ ಹಣ್ಣು ಒಂದೇ ಆವರಣದಲ್ಲಿ ಬೆರೆಯದಂತೆ ನಡುವೆ ತಡೆ ಇರಲೇಬೇಕು.

400ಕ್ಕೂ 1000ಕ್ಕೂ ನಡುವೆ

ಒಂದು ಕೆಜಿ ವಸ್ತು ಒಂದು ಜೂಲ್ ಶಕ್ತಿ ಹೀರಿಕೊಂಡರೆ ಅದು ಒಂದು ಗ್ರೇ. ಹೀಗೆ ಹೀರಿಕೊಂಡ ಪ್ರಮಾಣವೇ ಡೋಸ್. ಮಾವಿನ ಯಾವ ಹಣ್ಣಿಗೂ 400 ಗ್ರೇಗಿಂತ ಕಡಿಮೆ ಬೀಳಬಾರದು, ಯಾವ ಹಣ್ಣಿಗೂ 1000 ಗ್ರೇಗಿಂತ ಹೆಚ್ಚು ಬೀಳಬಾರದು. ಮೊದಲನೆಯದು ಕೀಟ ತಡೆಯುವ ಗಡಿ, ಎರಡನೆಯದು ತಾಜಾ ಹಣ್ಣಿಗೆ ಕಾನೂನು ಹಾಕಿದ ಮೇಲಿನ ಗಡಿ. ಈ ಕೆಲಸದ ಕಷ್ಟವೆಲ್ಲ ಇರುವುದು ಈ ಎರಡರ ನಡುವೆ.

ಕಿರಣದ ಕಡೆಗೆ ಮುಖ ಮಾಡಿದ ಪೆಟ್ಟಿಗೆಗೆ ಹೆಚ್ಚು ಸಿಗುತ್ತದೆ, ರಾಶಿಯ ನಡುವಿನ ಹಣ್ಣಿಗೆ ಕಡಿಮೆ. ಅತಿ ಹೆಚ್ಚು ಬಿದ್ದ ಜಾಗವನ್ನು ಅತಿ ಕಡಿಮೆ ಬಿದ್ದ ಜಾಗದಿಂದ ಭಾಗಿಸಿದಾಗ ಬರುವ ಅನುಪಾತ 2 ಎಂದುಕೊಳ್ಳೋಣ. ನಡುವಿನ ಹಣ್ಣಿಗೆ 450 ಗ್ರೇ ಗುರಿ ಇಟ್ಟರೆ ಅಂಚಿನ ಹಣ್ಣಿಗೆ 900 ಬೀಳುತ್ತದೆ. ಎರಡೂ ಗಡಿಯೊಳಗಿದೆ. ಅದೇ ಅನುಪಾತ 2.5 ಆದರೆ, ನಡುವೆ ಬರೀ 400 ಕೊಟ್ಟರೂ ಅಂಚು 1000 ಮುಟ್ಟಿಬಿಡುತ್ತದೆ, ಅಳತೆಯ ಸಣ್ಣ ಏರುಪೇರಿಗೂ ಜಾಗ ಉಳಿಯುವುದಿಲ್ಲ. ಹಾಗಾಗಿ ಹಣ್ಣಿನ ಹಂಗಾಮಿಗೆ ಮೊದಲೇ ಪೆಟ್ಟಿಗೆಗಳ ಒಳಗೆ ಹತ್ತಾರು ಕಡೆ ಡೋಸಿಮೀಟರ್ ಇಟ್ಟು ನಕ್ಷೆ ತೆಗೆಯುತ್ತಾರೆ. ಅಲನಿನ್ ಎಂಬ ಅಮೈನೊ ಆಮ್ಲದ ಸಣ್ಣ ಬಿಲ್ಲೆ ಇಂಥ ಒಂದು ಡೋಸಿಮೀಟರ್. ಬಿದ್ದ ಡೋಸ್‌ಗೆ ತಕ್ಕಂತೆ ಅದರೊಳಗೆ ಉಳಿದುಕೊಳ್ಳುವ ಬದಲಾವಣೆಯನ್ನು ಯಂತ್ರದಲ್ಲಿ ಓದುತ್ತಾರೆ. ಪೆಟ್ಟಿಗೆಯ ಮೇಲೆ ಅಂಟಿಸುವ ಬಣ್ಣ ಬದಲಾಗುವ ಚೀಟಿ ಬೇರೆ. ಅದು ಪೆಟ್ಟಿಗೆ ಕೋಣೆಯೊಳಗೆ ಹೋಗಿ ಬಂತು ಎಂದಷ್ಟೇ ಹೇಳುತ್ತದೆ, 400 ತಲುಪಿತೇ ಎಂದು ಹೇಳುವುದಿಲ್ಲ.

ತಪ್ಪುವುದು ಸಾಮಾನ್ಯವಾಗಿ ಸಣ್ಣ ಬದಲಾವಣೆಗಳಿಂದ. ನಕ್ಷೆ ತೆಗೆದಾಗ ಇದ್ದ ಪೆಟ್ಟಿಗೆ ಬಿಟ್ಟು ಬೇರೆ ಅಳತೆಯದನ್ನು ಬಳಸಿದರೆ, ಹಣ್ಣು ಒತ್ತಾಗಿ ತುಂಬಿದರೆ, ನಡುವಿನ ಡೋಸ್ ಇಳಿದುಹೋಗುತ್ತದೆ. ಕೋಬಾಲ್ಟ್ ಕೂಡ ಸುಮ್ಮನಿರುವುದಿಲ್ಲ. ಅದರ ಅರ್ಧಾಯುಷ್ಯ 5.27 ವರ್ಷ. ತಿಂಗಳಿಗೆ ಸುಮಾರು ಶೇ 1ರಷ್ಟು, ವರ್ಷಕ್ಕೆ ಶೇ 12ರಷ್ಟು ಅದು ಕುಂದುತ್ತದೆ. ಈ ಹಂಗಾಮಿನಲ್ಲಿ 30 ನಿಮಿಷ ಸಾಕಾದ ಪೆಟ್ಟಿಗೆಗೆ ಮುಂದಿನ ಹಂಗಾಮಿನಲ್ಲಿ 34 ನಿಮಿಷ ಬೇಕು. ಹಳೆಯ ಸಮಯವನ್ನೇ ಇಟ್ಟರೆ 450 ಗ್ರೇ ಸಿಗುತ್ತಿದ್ದ ಜಾಗಕ್ಕೆ 395 ಸಿಗುತ್ತದೆ. ಹಣ್ಣು ನೋಡಲು ಮಾತ್ರ ಹಾಗೆಯೇ ಇರುತ್ತದೆ.

ಅತಿಯಾದರೆ ಹಣ್ಣೇ ಹೇಳುತ್ತದೆ. ಸಿಪ್ಪೆಯ ಮೇಲಿನ ಉಸಿರುರಂಧ್ರಗಳ ಸುತ್ತ ಕಪ್ಪು ಚುಕ್ಕೆ, ಅಲ್ಲಲ್ಲಿ ಮೆತ್ತಗಾದ ತಿರುಳು, ಒಂದೇ ಹಣ್ಣಿನಲ್ಲಿ ಏರುಪೇರಾಗಿ ಮಾಗುವುದು. ಎಳೆಯ ಕಾಯಿಗೆ ಪೆಟ್ಟು ಇನ್ನೂ ಜಾಸ್ತಿ, ಅದು ಮಾಗದೆಯೇ ಉಳಿಯಬಹುದು.

ಇನ್ನು ಹುಳು. 400 ಗ್ರೇ ಕೊಟ್ಟ ಹಣ್ಣಿನ ಓಟೆ ಒಡೆದಾಗ ಒಳಗೆ ಹುಳು ಹರಿದಾಡುತ್ತಿದ್ದರೂ ಆಶ್ಚರ್ಯವಿಲ್ಲ, ಅದರಿಂದ ಸಂಸ್ಕರಣೆ ವಿಫಲವಾಯಿತು ಎಂದೂ ಅರ್ಥವಲ್ಲ. ಇಲ್ಲಿನ ಗುರಿ ಹುಳುವನ್ನು ಆ ಕ್ಷಣ ಕೊಲ್ಲುವುದಲ್ಲ, ಅದರ ಸಂತಾನ ಮುಂದುವರಿಯದಂತೆ ಮಾಡುವುದು. ವಿಕಿರಣದ ಪೆಟ್ಟು ಹೆಚ್ಚಾಗಿ ತಗಲುವುದು ವಿಭಜನೆಯಾಗುತ್ತಿರುವ ಜೀವಕೋಶಗಳಿಗೆ, ಅಂದರೆ ಮೊಟ್ಟೆ, ವೀರ್ಯ ತಯಾರಾಗುವ ಜಾಗಕ್ಕೆ ಮತ್ತು ಬೆಳೆಯುತ್ತಿರುವ ಮರಿಗೆ. ಬಲಿತ ಹಣ್ಣಿನ ಕೋಶಗಳು ವಿಭಜನೆ ನಿಲ್ಲಿಸಿರುವುದರಿಂದ ಅದೇ ಡೋಸ್ ಅನ್ನು ತಾಳಿಕೊಳ್ಳುತ್ತವೆ. ಜೀವಂತ ಹುಳು ಸಿಕ್ಕರೂ ಸಿಗದಿದ್ದರೂ ಏನೂ ಸಾಬೀತಾಗದ ಕಾರಣ, ಬಂದರಿನ ಅಧಿಕಾರಿ ನಂಬಬಹುದಾದದ್ದು ಡೋಸಿಮೀಟರ್ ಓದಿನ ದಾಖಲೆಯನ್ನಷ್ಟೇ.

ಸೂಕ್ಷ್ಮಾಣುವಿಗೆ ಇಷ್ಟು ಸಾಲದು

400 ಗ್ರೇಯಿಂದ ಮಾವು ಬಿಸಿಯಾಗುವುದು ಸುಮಾರು 0.1 ಡಿಗ್ರಿ. ಮನುಷ್ಯನ ಮೈಗೆಲ್ಲ ಒಮ್ಮೆಗೇ 4ರಿಂದ 5 ಗ್ರೇ ಬಿದ್ದರೆ, ಚಿಕಿತ್ಸೆ ಸಿಗದಿದ್ದಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ಅಂದಮೇಲೆ ಶಾಖ ಇಲ್ಲಿ ಲೆಕ್ಕಕ್ಕಿಲ್ಲ. ಗಾಮಾ ಕಿರಣ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತೆಸೆಯುತ್ತದೆ. ಕೆಲವು ಪೆಟ್ಟು ನೇರವಾಗಿ ಡಿಎನ್‌ಎಗೆ ಬೀಳುತ್ತವೆ. ಇನ್ನು ಕೆಲವು ನೀರನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕಾದ ಅಣುತುಣುಕುಗಳನ್ನು ಹುಟ್ಟಿಸುತ್ತವೆ, ಅವು ಹೋಗಿ ಡಿಎನ್‌ಎಯನ್ನು ತುಂಡರಿಸುತ್ತವೆ. ಎರಡೆಳೆಯೂ ಒಟ್ಟಿಗೆ ತುಂಡಾದರೆ ಜೋಡಿಸುವುದು ಕಷ್ಟ.

ಇದರಿಂದ ಒಂದು ಸರಳ ನಿಯಮ ಬರುತ್ತದೆ. ಡಿಎನ್‌ಎ ಉದ್ದವಿದ್ದಷ್ಟೂ ಪೆಟ್ಟು ತಗಲುವ ಸಂಭವ ಹೆಚ್ಚು. ಕೀಟಕ್ಕೆ ನೂರಾರು ಗ್ರೇ ಸಾಕು. ಡಿಎನ್‌ಎ ಚಿಕ್ಕದಾದ ಬ್ಯಾಕ್ಟೀರಿಯಾಕ್ಕೆ ಸಾವಿರಾರು ಬೇಕು. ಇನ್ನೂ ಚಿಕ್ಕದಾದ ವೈರಸ್‌ಗೆ ಅದಕ್ಕಿಂತ ಹೆಚ್ಚು. ಒಣಗಿ ಮುದುಡಿ ಕುಳಿತ ಬೀಜಾಣುಗಳಲ್ಲಿ ನೀರು ಕಡಿಮೆ, ರ‍್ಯಾಡಿಕಲ್ ಓಡಾಡಲು ಜಾಗವಿಲ್ಲ, ಹಾಗಾಗಿ ಅವೂ ಗಟ್ಟಿ. ಹೆಪ್ಪುಗಟ್ಟಿಸಿದ ಮಾಂಸದಲ್ಲಿ ಬ್ಯಾಕ್ಟೀರಿಯಾ ಸಾಯಲು ತಾಜಾ ಮಾಂಸಕ್ಕಿಂತ ಹೆಚ್ಚು ಡೋಸ್ ಬೇಕಾಗುವುದಕ್ಕೂ ಇದೇ ಕಾರಣ.

ಹತ್ತು ಬ್ಯಾಕ್ಟೀರಿಯಾದಲ್ಲಿ ಒಂಬತ್ತನ್ನು ಕೊಲ್ಲಲು ಬೇಕಾದ ಡೋಸ್ ಅನ್ನು ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಸಾಲ್ಮೊನೆಲ್ಲಾಕ್ಕೆ ಅದು ಸುಮಾರು 400ರಿಂದ 800 ಗ್ರೇ. ಅಂದರೆ ಮಾವಿಗೆ ಕೊಡುವ ಕನಿಷ್ಠ ಡೋಸ್ ಹೆಚ್ಚೆಂದರೆ ಅಂಥ ಒಂದು ಹೆಜ್ಜೆ, ಕೆಲವೊಮ್ಮೆ ಅದೂ ಇಲ್ಲ. ವಿಕಿರಣ ಹಾಯಿಸಿದ ಮಾವು ಕ್ರಿಮಿರಹಿತ ಎಂದು ತಿಳಿದು ತೊಳೆಯದೆ ತಿನ್ನುವುದು ತಪ್ಪು. ಚಿಬ್ಬು ರೋಗದ ಶಿಲೀಂಧ್ರ ನಿಲ್ಲಬೇಕಾದರೆ ಬೇಕಾಗುವ ಡೋಸ್ ಅನ್ನು ಹಣ್ಣೇ ತಾಳುವುದಿಲ್ಲ. 52 ಡಿಗ್ರಿಯ ನೀರು ಬೇಕಾಗಿರುವುದು ಅದಕ್ಕೇ.

ಸೂಕ್ಷ್ಮಾಣು ಕೊಲ್ಲಲೆಂದೇ ವಿಕಿರಣ ಬಳಸುವುದು ಮಸಾಲೆಯಲ್ಲಿ. ಕಣದಲ್ಲಿ ಹರವಿ ಒಣಗಿಸಿದ ಮೆಣಸಿನಕಾಯಿಯ ಮೇಲೆ ಮಣ್ಣಿನ ಬೀಜಾಣುಗಳು ಇದ್ದೇ ಇರುತ್ತವೆ, ಅದು ಬ್ಯಾಡಗಿಯದ್ದಾದರೂ ಗುಂಟೂರಿನದ್ದಾದರೂ. ಗ್ರಾಂ ಪುಡಿಯಲ್ಲಿ 10 ಲಕ್ಷ ಇವೆ, ಹತ್ತರಲ್ಲಿ ಒಂಬತ್ತನ್ನು ಕೊಲ್ಲಲು 2 ಕಿಲೋಗ್ರೇ ಬೇಕು ಎಂದುಕೊಂಡರೆ, 10 ಕಿಲೋಗ್ರೇ ಕೊಟ್ಟಾಗ ಐದು ಹೆಜ್ಜೆ ಇಳಿದು ಸುಮಾರು 10 ಉಳಿಯುತ್ತವೆ. ಭಾರತದ ನಿಯಮ ಒಣ ಮಸಾಲೆಗೆ 6ರಿಂದ 14 ಕಿಲೋಗ್ರೇವರೆಗೆ ಅವಕಾಶ ಕೊಡುತ್ತದೆ. ಇದೇ ಕೆಲಸಕ್ಕೆ ಎಥಿಲೀನ್ ಆಕ್ಸೈಡ್ ಅನಿಲವನ್ನೂ ಬಳಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ನಮ್ಮ ಕೆಲವು ಮಸಾಲೆ ಪುಡಿಗಳಿಗೆ ತಡೆಹಾಕಿದ್ದು ಆ ಅನಿಲದ ಶೇಷಕ್ಕಾಗಿ. ವಿಕಿರಣದಲ್ಲಿ ಅಂಥ ಶೇಷವಿಲ್ಲ, ಪ್ಯಾಕ್ ಮಾಡಿ ಮುಚ್ಚಿದ ಮೇಲೂ ಕೊಡಬಹುದು.

ಆದರೆ ಒಂದು ಮಾತು ಮಸಾಲೆ ವ್ಯಾಪಾರದವರು ಮರೆಯಬಾರದು. ಬೂಷ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಒಮ್ಮೆ ಸೇರಿದರೆ ಈ ಡೋಸ್‌ನಲ್ಲಿ ಅದು ಹೋಗುವುದಿಲ್ಲ. ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ಸೂಕ್ಷ್ಮಾಣು ಪರೀಕ್ಷೆಯಲ್ಲಿ ಅಂಥ ಪುಡಿ ಚೊಕ್ಕವಾಗಿ ಪಾಸಾಗುತ್ತದೆ ಎಂಬುದೇ ಅಪಾಯ. ಕೆಟ್ಟ ಮಾಲನ್ನು ವಿಕಿರಣಕ್ಕೆ ಒಡ್ಡಿ ಒಳ್ಳೆಯದೆಂದು ಮಾರುವುದು ತಾಂತ್ರಿಕವಾಗಿ ಸಾಧ್ಯ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಸಂಸ್ಕರಣೆಗೆ ಮುಂಚಿನ ತಪಾಸಣೆ.

ವಿಟಮಿನ್ ಎಷ್ಟು ಹೋಗುತ್ತದೆ

ಮಾವಿನ ವಿಟಮಿನ್ ಸಿ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ನೀರಿನಲ್ಲಿ ಒಂದು ಜೂಲ್ ಗಾಮಾ ಶಕ್ತಿಗೆ ಸುಮಾರು 0.28 ಮೈಕ್ರೊಮೋಲ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಕೆಜಿಗೆ 400 ಜೂಲ್ ಎಂದರೆ ಸುಮಾರು 0.11 ಮಿಲಿಮೋಲ್. ಒಂದು ಕೆಜಿ ಮಾವಿನ ತಿರುಳಿನಲ್ಲಿ ವಿಟಮಿನ್ ಸಿ ಸುಮಾರು 360 ಮಿಲಿಗ್ರಾಂ, ಅಂದರೆ 2 ಮಿಲಿಮೋಲ್. ಹುಟ್ಟಿದ ರ‍್ಯಾಡಿಕಲ್ ಒಂದೊಂದೂ ವಿಟಮಿನ್‌ಗೇ ಹೋಗಿ ಬಡಿಯಿತು ಎಂದು ಅತಿ ಕೆಟ್ಟದ್ದನ್ನು ಊಹಿಸಿದರೂ ನಷ್ಟ ಶೇ 5ರಿಂದ 6. ನಿಜದಲ್ಲಿ ಅದೇ ತಿರುಳಿನಲ್ಲಿ ನೂರಕ್ಕೂ ಹೆಚ್ಚು ಗ್ರಾಂ ಸಕ್ಕರೆ ಇದೆ. ಅಣುಗಳ ಲೆಕ್ಕದಲ್ಲಿ ಅದು ವಿಟಮಿನ್‌ಗಿಂತ ನೂರಾರು ಪಟ್ಟು, ಹೆಚ್ಚಿನ ಪೆಟ್ಟು ಅದಕ್ಕೇ ಬೀಳುತ್ತದೆ. ಪೆಟ್ಟು ತಿಂದ ವಿಟಮಿನ್ ಸಿಯಲ್ಲೂ ಬಹುಪಾಲು ಮೊದಲು ಡಿಹೈಡ್ರೊ ರೂಪಕ್ಕೆ ತಿರುಗುತ್ತದೆ, ದೇಹ ಅದನ್ನೂ ಬಳಸಿಕೊಳ್ಳಬಲ್ಲದು. ಹಣ್ಣನ್ನು ಕೆಲವು ದಿನ ಇಟ್ಟರೆ ಆಗುವ ನಷ್ಟ ಇದಕ್ಕಿಂತ ಹೆಚ್ಚು.

ಅದೇ ಲೆಕ್ಕವನ್ನು 10 ಕಿಲೋಗ್ರೇಗೆ ಹಾಕಿದರೆ ರ‍್ಯಾಡಿಕಲ್ 2.8 ಮಿಲಿಮೋಲ್, ವಿಟಮಿನ್‌ಗಿಂತ ಜಾಸ್ತಿ. ಹಾಗಾಗಿ ಪೋಷಕಾಂಶಕ್ಕೆ ಏನೂ ಆಗುವುದಿಲ್ಲ ಎಂಬ ಮಾತು ಡೋಸ್ ಹೇಳದೆ ಆಡುವ ಮಾತಲ್ಲ. ಮಾಂಸಕ್ಕೆ ಕಿಲೋಗ್ರೇ ಮಟ್ಟದ ಡೋಸ್ ಕೊಟ್ಟಾಗ ಥಯಾಮಿನ್, ಅಂದರೆ ವಿಟಮಿನ್ ಬಿ1, ಗಮನಿಸುವಷ್ಟು ಕಡಿಮೆಯಾಗುತ್ತದೆ. ಕೊಬ್ಬಿನಲ್ಲಿ ಕರಗುವ ಎ ಮತ್ತು ಇ ಕೂಡ ಸೂಕ್ಷ್ಮವೇ. ಕೊಬ್ಬು ಹಳಸಿದ ವಾಸನೆ ಬರುವುದೂ ಇಲ್ಲೇ, ಅದಕ್ಕೇ ಮಾಂಸವನ್ನು ಗಾಳಿ ತೆಗೆದು, ಹೆಪ್ಪುಗಟ್ಟಿಸಿ ಸಂಸ್ಕರಿಸುತ್ತಾರೆ. ಪ್ರೋಟೀನ್, ಪಿಷ್ಟ, ಖನಿಜಗಳ ಪೋಷಣೆಯ ಮೌಲ್ಯಕ್ಕೆ ಈ ಮಟ್ಟದಲ್ಲಿ ಹೇಳುವಂಥ ಧಕ್ಕೆ ಇಲ್ಲ. ಮಸಾಲೆಗೆ 10 ಕಿಲೋಗ್ರೇ ಕೊಟ್ಟರೂ ನಡೆಯುವುದಕ್ಕೆ ಕಾರಣ, ನಾವು ವಿಟಮಿನ್‌ಗಾಗಿ ಮೆಣಸಿನಪುಡಿ ತಿನ್ನುವುದಿಲ್ಲ, ಮತ್ತು ಅದರಲ್ಲಿ ನೀರು ಕಡಿಮೆ.

ಡೋಸ್ ಮಿತಿಮೀರಿದರೆ ಏನಾಗಬಹುದೆಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಇದೆ. ಆಮದಾದ ಬೆಕ್ಕಿನ ಒಣ ಆಹಾರಕ್ಕೆ ಮನುಷ್ಯರ ಆಹಾರಕ್ಕಿಂತ ಬಹಳ ಹೆಚ್ಚಿನ ವಿಕಿರಣ ಕೊಡುತ್ತಿದ್ದರು. ಅದನ್ನೇ ತಿಂದ ಹಲವು ಬೆಕ್ಕುಗಳ ನರಮಂಡಲ ಹಾಳಾಗಿ ನಡೆಯಲಾರದಾದವು. 2009ರಲ್ಲಿ ಆ ದೇಶ ಬೆಕ್ಕಿನ ಆಹಾರಕ್ಕೆ ವಿಕಿರಣವನ್ನು ನಿಲ್ಲಿಸಿತು. ಒಂದೇ ಆಹಾರವನ್ನು ದಿನವೂ ತಿನ್ನುವ ಪ್ರಾಣಿ ಮತ್ತು ಅತಿ ಡೋಸ್ ಎರಡೂ ಸೇರಿದ ಪ್ರಸಂಗ ಅದು. ಮಾವಿನ ಡೋಸ್‌ಗೆ ಅದನ್ನು ಅನ್ವಯಿಸಲಾಗದು, ಆದರೆ ಮರೆಯಲೂಬಾರದು.

ಹಣ್ಣು ವಿಕಿರಣಶೀಲ ಆಗುವುದಿಲ್ಲ ಏಕೆ

ಬಿಸಿಲಲ್ಲಿ ಒಣಗಿದ ಹಪ್ಪಳ ರಾತ್ರಿ ಬೆಳಗುವುದಿಲ್ಲ. ಹಾಗೆಯೇ ಕಿರಣ ಹಾದುಹೋದ ಹಣ್ಣಿನಲ್ಲಿ ಕಿರಣ ಉಳಿಯುವುದಿಲ್ಲ. ಆದರೆ ಇಲ್ಲಿಗೆ ವಿವರಣೆ ಮುಗಿಯುವುದಿಲ್ಲ, ಏಕೆಂದರೆ ಕೆಲವು ವಿಕಿರಣಗಳು ವಸ್ತುವನ್ನು ನಿಜವಾಗಿಯೂ ವಿಕಿರಣಶೀಲವಾಗಿಸುತ್ತವೆ. ಕೋಬಾಲ್ಟ್-60 ಹುಟ್ಟಿದ್ದೇ ಹಾಗೆ. ಸಾಮಾನ್ಯ ಕೋಬಾಲ್ಟ್-59 ಲೋಹವನ್ನು ಪರಮಾಣು ರಿಯಾಕ್ಟರ್‌ನೊಳಗೆ ಇಟ್ಟಾಗ ಅದರ ಪರಮಾಣು ಬೀಜ ಒಂದು ನ್ಯೂಟ್ರಾನ್ ನುಂಗಿ 60 ಆಗುತ್ತದೆ.

ಹಾಗಾದರೆ ಮಾವಿನಲ್ಲೂ ಅದೇ ಆಗಬೇಕಾದರೆ ನ್ಯೂಟ್ರಾನ್ ಬೇಕು. ಕೋಬಾಲ್ಟ್-60 ನ್ಯೂಟ್ರಾನ್ ಹೊರಸೂಸುವುದಿಲ್ಲ. ಅದು ಹಣ್ಣಿಗೆ ಕಳಿಸುವುದು 1.17 ಮತ್ತು 1.33 ಎಂಇವಿ ಶಕ್ತಿಯ ಗಾಮಾ ಕಿರಣಗಳನ್ನು. ಎಂಇವಿ ಎಂದರೆ ಒಂದೊಂದು ಕಿರಣದ ಶಕ್ತಿಯನ್ನು ಅಳೆಯುವ ಮಾನ. ಉಳಿದ ದಾರಿ ಎಂದರೆ ಗಾಮಾ ಕಿರಣವೇ ಪರಮಾಣು ಬೀಜಕ್ಕೆ ಬಡಿದು ಒಳಗಿನ ನ್ಯೂಟ್ರಾನ್ ಒಂದನ್ನು ಹೊರಗೆ ದೂಡುವುದು. ಅದಕ್ಕೆ ಪ್ರತಿ ಮೂಲವಸ್ತುವಿಗೂ ಒಂದು ಕನಿಷ್ಠ ಬೆಲೆ ಇದೆ. ಇಂಗಾಲಕ್ಕೆ 18.7 ಎಂಇವಿ, ಆಮ್ಲಜನಕಕ್ಕೆ 15.7, ಸಾರಜನಕಕ್ಕೆ 10.6. ಹಣ್ಣು ಬಹುಪಾಲು ಇವುಗಳಿಂದ ಮತ್ತು ಜಲಜನಕದಿಂದ ಆದದ್ದು. ಎಲ್ಲಕ್ಕಿಂತ ಸುಲಭವಾಗಿ ನ್ಯೂಟ್ರಾನ್ ಬಿಟ್ಟುಕೊಡುವ ಬೆರಿಲಿಯಂಗೂ 1.67 ಬೇಕು. ಕೋಬಾಲ್ಟ್‌ನ ಕಿರಣ 1.33ಕ್ಕೆ ನಿಲ್ಲುತ್ತದೆ.

ಇಲ್ಲಿ ಡೋಸ್ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಹೆಚ್ಚು ಹೊತ್ತು ಇಟ್ಟರೆ 1.33 ಎಂಇವಿಯ ಕಿರಣಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ಹತ್ತು ಕಿರಣ ಕೂಡಿಕೊಂಡು 13 ಎಂಇವಿ ಆಗುವುದಿಲ್ಲ. ಮಾವಿಗೆ 400 ಗ್ರೇ ಬದಲು 4 ಲಕ್ಷ ಗ್ರೇ ಕೊಟ್ಟರೆ ಹಣ್ಣು ತಿನ್ನಲಾಗದಂತೆ ಹಾಳಾದೀತು, ಆದರೆ ಈ ದಾರಿಯಿಂದ ವಿಕಿರಣಶೀಲ ಆಗದು.

ಕೋಬಾಲ್ಟ್ ಇಲ್ಲದೆ ವಿದ್ಯುತ್ ಯಂತ್ರದಿಂದ ಎಲೆಕ್ಟ್ರಾನ್ ಅಥವಾ ಎಕ್ಸ್‌-ರೇ ಹಾಯಿಸುವ ಘಟಕಗಳೂ ಇವೆ. ಅಲ್ಲಿ ಶಕ್ತಿಯನ್ನು ಮನುಷ್ಯ ಹೆಚ್ಚಿಸಬಹುದು, ಆದ್ದರಿಂದ ಕಾನೂನು ಎಲೆಕ್ಟ್ರಾನ್‌ಗೆ 10 ಎಂಇವಿ, ಎಕ್ಸ್‌-ರೇಗೆ 5 ಎಂಇವಿ ಗಡಿ ಹಾಕಿದೆ. ಅಮೆರಿಕ ಎಕ್ಸ್‌-ರೇಗೆ 7.5 ಒಪ್ಪುತ್ತದೆ. ಜಲಜನಕದ ಭಾರವಾದ ಸೋದರ ಡ್ಯೂಟೀರಿಯಂಗೆ 2.2 ಎಂಇವಿ ಸಾಕಾದ್ದರಿಂದ ಈ ಯಂತ್ರಗಳಲ್ಲಿ ಅತ್ಯಲ್ಪ ನ್ಯೂಟ್ರಾನ್ ಹುಟ್ಟಬಹುದು. ಡ್ಯೂಟೀರಿಯಂ ಇರುವುದು ಸುಮಾರು 6,400 ಜಲಜನಕಕ್ಕೆ ಒಂದು. ಅದರಿಂದ ಆಹಾರದಲ್ಲಿ ಉಂಟಾಗುವ ವಿಕಿರಣಶೀಲತೆ ಆಹಾರದಲ್ಲಿ ಸಹಜವಾಗಿಯೇ ಇರುವುದಕ್ಕಿಂತ ತೀರಾ ಕಡಿಮೆ. ಸಹಜವಾಗಿ ಇರುವುದೇನೆಂದರೆ ಪೊಟ್ಯಾಸಿಯಂ-40. ಒಂದು ಕೆಜಿ ಮಾವಿನಲ್ಲಿ ಅದರಿಂದಾಗಿ ಸೆಕೆಂಡಿಗೆ ಸುಮಾರು 50 ಪರಮಾಣುಗಳು ವಿಘಟಿಸುತ್ತವೆ. ವಿಕಿರಣ ಕೊಡುವ ಮೊದಲೂ ಅಷ್ಟೇ, ಕೊಟ್ಟ ಮೇಲೂ ಅಷ್ಟೇ.

ನಿಜವಾಗಿ ಕಾಯಬೇಕಾದ ಅಪಾಯ ಬೇರೆ ಕಡೆ ಇದೆ. ಕೊಳವೆ ಸೋರಿ ವಿಕಿರಣಶೀಲ ವಸ್ತುವೇ ಸರಕಿಗೆ ಅಂಟಿದರೆ ಅದು ಮಾಲಿನ್ಯ. 1988ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕೇಟರ್‌ನಲ್ಲಿ ಮುಖ್ಯವಾಗಿ ವೈದ್ಯಕೀಯ ಸಾಮಗ್ರಿ ಶುದ್ಧೀಕರಿಸುತ್ತಿದ್ದ ಘಟಕವೊಂದರಲ್ಲಿ ಇಂಥದ್ದು ನಡೆಯಿತು. ಅಲ್ಲಿ ಇದ್ದದ್ದು ಸೀಸಿಯಂ-137, ಅದೂ ಉಪ್ಪಿನ ರೂಪದಲ್ಲಿ. ಕೊಳವೆ ಬಿರಿದಾಗ ಕೊಳದ ನೀರಿನಲ್ಲಿ ಕರಗಿ ಹರಡಿತು. ಕೋಬಾಲ್ಟ್ ನೀರಿನಲ್ಲಿ ಕರಗದ ಲೋಹ, ಎರಡು ಪದರದ ಉಕ್ಕಿನ ಕೊಳವೆಯೊಳಗೆ ಮುಚ್ಚಿರುತ್ತದೆ. ಆದರೂ ಘಟಕದವರು ಕೊಳದ ನೀರಿನ ವಿಕಿರಣಶೀಲತೆಯನ್ನು ನಿಯಮಿತವಾಗಿ ಅಳೆಯಬೇಕು, ಉಕ್ಕು ತುಕ್ಕು ಹಿಡಿಯದಂತೆ ನೀರಿನ ಲವಣಾಂಶವನ್ನು ಕಡಿಮೆ ಇಡಬೇಕು. ಹಣ್ಣು ವಿಕಿರಣಶೀಲವೇ ಎಂದು ಕೇಳುವವರು ಕೇಳಬೇಕಾದದ್ದು ಈ ನೀರಿನ ದಾಖಲೆಯನ್ನು.

2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ ಇಂಥ 50 ಘಟಕಗಳಿಗೆ ನೆರವು ಘೋಷಿಸಿದೆ. ಅವು ಬಂದಂತೆ ವಿಕಿರಣ ಹಾಯಿಸಿದ ಪೊಟ್ಟಣಗಳು ಅಂಗಡಿಯಲ್ಲೂ ಹೆಚ್ಚಾಗಲಿವೆ. ಅವುಗಳ ಮೇಲೆ ವೃತ್ತದೊಳಗೆ ಎಲೆಗಳಿರುವ ಹಸಿರು ರಡೂರಾ ಚಿಹ್ನೆ, ವಿಕಿರಣದಿಂದ ಸಂಸ್ಕರಿಸಿದ್ದು ಎಂಬ ಸಾಲು, ಸಂಸ್ಕರಿಸಿದ ದಿನಾಂಕ ಮತ್ತು ಘಟಕದ ಪರವಾನಗಿ ಸಂಖ್ಯೆ ಇರಬೇಕು. ಒಮ್ಮೆ ಸಂಸ್ಕರಿಸಿದ ಆಹಾರವನ್ನು ವಿಶೇಷ ಅನುಮತಿ ಇಲ್ಲದೆ ಮತ್ತೊಮ್ಮೆ ವಿಕಿರಣಕ್ಕೆ ಒಡ್ಡುವಂತಿಲ್ಲ. ಚಿಹ್ನೆ ಇದ್ದು ದಿನಾಂಕವೋ ಪರವಾನಗಿ ಸಂಖ್ಯೆಯೋ ಇಲ್ಲದ ಪೊಟ್ಟಣ ಸಿಕ್ಕರೆ, ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಲು ಅಷ್ಟು ಸಾಕು.